ಯಾವುದರಿಂದ ಭಾಗಿಸಬೇಕು? ಕೋಷ್ಟಕ ಮತ್ತು ನಕ್ಷೆಯ ಪ್ರಶ್ನೆಗಳನ್ನು ಬಿಡಿಸುವ ಕ್ರಮ

ಸಂಖ್ಯಾಶಾಸ್ತ್ರದ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ನನಗೆ ಮತ್ತೆ ಮತ್ತೆ ಕಾಣುವುದು ಒಂದೇ ತಪ್ಪು. ಸೂತ್ರ ಸರಿಯಿರುತ್ತದೆ, ಕೂಡುವುದು ಕಳೆಯುವುದೂ ಸರಿಯಿರುತ್ತದೆ, ಆದರೆ ಭಾಗಾಕಾರದ ಛೇದ ತಪ್ಪಿರುತ್ತದೆ. 80ರಿಂದ ಭಾಗಿಸಬೇಕಾದಲ್ಲಿ 200ರಿಂದ ಭಾಗಿಸಿರುತ್ತಾರೆ. ಕೆಲವೆಡೆ ಭಾಗಿಸಬೇಕು ಎಂಬುದೇ ಹೊಳೆದಿರುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿಯ ಎಲ್ಲ ಹಂತಗಳಲ್ಲೂ ಒಂದೇ ಪ್ರಶ್ನೆಯನ್ನು ಹಿಡಿದು ನಡೆಯುತ್ತೇನೆ: ಈ ಸಂಖ್ಯೆಯನ್ನು ಯಾವುದರಿಂದ ಭಾಗಿಸಬೇಕು?

## ಕೈಯಲ್ಲಿ ಇರಬೇಕಾದದ್ದು

ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್, ಸ್ಕೇಲ್ ಮತ್ತು ಸಾದಾ ಕ್ಯಾಲ್ಕುಲೇಟರ್ ಸಾಕು. ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಮಾಡಬೇಡಿ. ಅದು ತಪ್ಪು ಛೇದವನ್ನೂ ಅಷ್ಟೇ ವೇಗವಾಗಿ ಭಾಗಿಸಿ ಕೊಡುತ್ತದೆ. ಕೈಯಿಂದ ಮಾಡಿದಾಗ ಮಾತ್ರ ಎಲ್ಲಿ ಎಡವಿದೆವೆಂಬುದು ತಿಳಿಯುತ್ತದೆ.

ಅಭ್ಯಾಸಕ್ಕಾಗಿ ಒಂದು ಊರಿನ ಹಾಲು ಉತ್ಪಾದಕರ ಸಹಕಾರ ಸಂಘವನ್ನು ಕಲ್ಪಿಸಿಕೊಂಡಿದ್ದೇನೆ. ಸಂಘವೂ ಅಂಕಿಗಳೂ ನಾನೇ ರಚಿಸಿದವು. ಒಂದು ದಿನ ಬೆಳಿಗ್ಗೆ 200 ಸದಸ್ಯರು ಡೈರಿಗೆ ಹಾಕಿದ ಹಾಲಿನ ಲೆಕ್ಕ ಹೀಗಿದೆ ಎಂದುಕೊಳ್ಳಿ:

| ಹಾಕಿದ ಹಾಲು (ಲೀಟರ್) | ಸದಸ್ಯರ ಸಂಖ್ಯೆ |
|---|---|
| 0–2 | 24 |
| 2–4 | 56 |
| 4–6 | 50 |
| 6–10 | 40 |
| 10–20 | 30 |
| ಒಟ್ಟು | 200 |

## ಹಂತ 1: ಪ್ರಶ್ನೆಯನ್ನು ಓದುವ ಮೊದಲು ಕೋಷ್ಟಕವನ್ನು ಓದಿ

ಮೊದಲು ಪ್ರಶ್ನೆ ಓದಿದರೆ ಕಣ್ಣು ಅದಕ್ಕೆ ಬೇಕಾದ ಸಂಖ್ಯೆಯನ್ನಷ್ಟೇ ಹುಡುಕುತ್ತದೆ, ಉಳಿದದ್ದು ಕಾಣುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ಬೆರಳಿನಿಂದ ಮುಚ್ಚಿ, ಮೂರು ಸಂಗತಿಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಎಣಿಸಿದ್ದು ಏನನ್ನು? ಇಲ್ಲಿ ಸದಸ್ಯರನ್ನು, ಹಸುಗಳನ್ನಲ್ಲ, ಲೀಟರುಗಳನ್ನೂ ಅಲ್ಲ. ಅಳತೆಯ ಮಾನ ಯಾವುದು, ಕಾಲ ಎಷ್ಟು? ಲೀಟರ್, ಒಂದೇ ಬೆಳಗಿನದು. ಒಟ್ಟು ಎಷ್ಟು? 200, ಅದನ್ನು ನೀವೇ ಕೂಡಿ ನೋಡಿದ್ದು.

ಗಡಿಯಲ್ಲಿ ನಿಂತವರು ಎಲ್ಲಿ ಸೇರುತ್ತಾರೆ ಎಂಬುದನ್ನೂ ಇಲ್ಲೇ ತೀರ್ಮಾನಿಸಿ. 2–4 ಎಂದರೆ 2 ಲೀಟರ್ ಅಥವಾ ಅದಕ್ಕಿಂತ ಹೆಚ್ಚು, 4ಕ್ಕಿಂತ ಕಡಿಮೆ. ಸರಿಯಾಗಿ 4 ಲೀಟರ್ ಹಾಕಿದವರು ಮುಂದಿನ ವರ್ಗಾಂತರಕ್ಕೆ ಸೇರುತ್ತಾರೆ. ಕೋಷ್ಟಕದಲ್ಲಿ 1–5, 6–10 ಎಂದು ನಡುವೆ ತೆರಪು ಬಿಟ್ಟು ಕೊಟ್ಟಿದ್ದರೆ ನಿಜವಾದ ಗಡಿಗಳು 0.5–5.5 ಮತ್ತು 5.5–10.5. ಆಗ ಗಾತ್ರ 5, 4 ಅಲ್ಲ.

## ಹಂತ 2: ವರ್ಗಾಂತರಗಳ ಗಾತ್ರ ಸಮನಾಗಿದೆಯೇ ನೋಡಿ

ಅತಿ ಹೆಚ್ಚು ಅಂಕ ಕಳೆದುಹೋಗುವುದು ಇಲ್ಲಿಯೇ. ನಮ್ಮ ಕೋಷ್ಟಕದ ಮೊದಲ ಮೂರು ವರ್ಗಾಂತರಗಳ ಗಾತ್ರ 2 ಲೀಟರ್, ನಾಲ್ಕನೆಯದು 4, ಐದನೆಯದು 10. ಹಿಸ್ಟೋಗ್ರಾಮ್ ಬರೆಯಲು ಹೇಳಿದರೆ ಬಹುತೇಕ ವಿದ್ಯಾರ್ಥಿಗಳು 24, 56, 50, 40, 30 ಎಂದು ನೇರವಾಗಿ ಎತ್ತರ ಕೊಟ್ಟುಬಿಡುತ್ತಾರೆ.

ಹಾಗೆ ಬರೆದ ಚಿತ್ರ ಏನು ಹೇಳುತ್ತದೆ ನೋಡಿ. ಕೊನೆಯ ಆಯತದ ಎತ್ತರ 30, ಅಗಲ 10, ವಿಸ್ತೀರ್ಣ 300. ಉಳಿದವುಗಳ ವಿಸ್ತೀರ್ಣ 48, 112, 100, 160. ಇಡೀ ಚಿತ್ರದ ನೂರಕ್ಕೆ ಸುಮಾರು 42 ಭಾಗವನ್ನು ಕೊನೆಯ ಆಯತವೇ ನುಂಗಿಬಿಟ್ಟಿದೆ. ಆದರೆ ಆ ಗುಂಪಿನಲ್ಲಿ ಇರುವವರು 200ರಲ್ಲಿ 30 ಮಂದಿ, ಅಂದರೆ ಶೇ 15 ಮಾತ್ರ. ಹಿಸ್ಟೋಗ್ರಾಮಿನಲ್ಲಿ ಕಣ್ಣು ಅಳೆಯುವುದು ವಿಸ್ತೀರ್ಣವನ್ನು. ಆದ್ದರಿಂದ ವಿಸ್ತೀರ್ಣವೇ ಜನರ ಸಂಖ್ಯೆಯಾಗಬೇಕು.

ಅದಕ್ಕಾಗಿ ಪ್ರತಿ ಆವೃತ್ತಿಯನ್ನು ಅದರ ವರ್ಗಾಂತರದ ಗಾತ್ರದಿಂದ ಭಾಗಿಸಿ. ಸಿಗುವುದು ಆವೃತ್ತಿ ಸಾಂದ್ರತೆ, ಅಂದರೆ ಪ್ರತಿ ಒಂದು ಲೀಟರ್ ಅಗಲಕ್ಕೆ ಎಷ್ಟು ಸದಸ್ಯರು ಎಂಬ ಲೆಕ್ಕ. ಕ್ರಮವಾಗಿ 12, 28, 25, 10, 3. ಈ ಸಂಖ್ಯೆಗಳನ್ನು ಎತ್ತರವಾಗಿ ಕೊಟ್ಟು ಬರೆದರೆ ಚಿತ್ರ ಎಡಭಾಗದಲ್ಲಿ ಏರಿ, ಬಲಕ್ಕೆ ಉದ್ದವಾಗಿ ಇಳಿದುಹೋಗುತ್ತದೆ. ಲಂಬ ಅಕ್ಷಕ್ಕೆ ‘ಪ್ರತಿ ಲೀಟರಿಗೆ ಸದಸ್ಯರು’ ಎಂದು ಹೆಸರು ಬರೆಯಿರಿ. ‘ಸದಸ್ಯರ ಸಂಖ್ಯೆ’ ಎಂದು ಬರೆದರೆ ಲೆಕ್ಕ ಸರಿಯಿದ್ದೂ ಚಿತ್ರ ತಪ್ಪಾಗುತ್ತದೆ.

ಈ ಭಾಗಾಕಾರ ಏಕೆ ಬೇಕು ಎಂದು ಇನ್ನೂ ಮನಸ್ಸಿಗೆ ಬಾರದಿದ್ದರೆ ಒಂದು ಪ್ರಯೋಗ ಮಾಡಿ. ಕೊನೆಯ ಎರಡು ವರ್ಗಾಂತರಗಳನ್ನು ಸೇರಿಸಿ 6–20 ಎಂದು ಮಾಡಿ. ಆವೃತ್ತಿ 70 ಆಯಿತು, ಕೋಷ್ಟಕದಲ್ಲಿಯೇ ಅತಿ ದೊಡ್ಡದು. ‘ಹೆಚ್ಚಿನ ಸದಸ್ಯರು 6ರಿಂದ 20 ಲೀಟರ್ ಹಾಕುತ್ತಾರೆ’ ಎಂದು ಬರೆಯಲು ಕೈ ಓಡುತ್ತದೆ. ಊರಿನಲ್ಲಿ ಒಬ್ಬನೇ ಒಬ್ಬ ಒಂದು ಲೋಟ ಹಾಲು ಹೆಚ್ಚು ಹಾಕಲಿಲ್ಲ, ನಾವು ಗೆರೆ ಎಳೆಯುವ ಜಾಗ ಮಾತ್ರ ಬದಲಾಯಿತು. ಸಾಂದ್ರತೆ ಕಂಡುಹಿಡಿದರೆ 70 ÷ 14 = 5, ಹಾಗಾಗಿ ಶಿಖರ 2–4ರಲ್ಲಿಯೇ ಉಳಿಯುತ್ತದೆ. ಬಹುಲಕವಿರುವ ವರ್ಗಾಂತರವನ್ನು ಗುರುತಿಸುವಾಗಲೂ ಗಾತ್ರಗಳು ಅಸಮವಾಗಿದ್ದರೆ ಸಾಂದ್ರತೆಯನ್ನೇ ನೋಡಿ.

ಎಚ್ಚರಿಕೆಯ ಗುರುತು: ನಿಮ್ಮ ಹಿಸ್ಟೋಗ್ರಾಮಿನ ಅಗಲವಾದ ಆಯತವೇ ಪುಟವನ್ನು ತುಂಬಿಕೊಂಡಿದ್ದರೆ ನಿಲ್ಲಿಸಿ, ಭಾಗಿಸಿದ್ದೀರಾ ಎಂದು ನೋಡಿ. ಎಲ್ಲ ಆಯತಗಳ ವಿಸ್ತೀರ್ಣ ಕೂಡಿದರೆ 200 ಬರಬೇಕು: 24 + 56 + 50 + 40 + 30.

## ಹಂತ 3: ಮಧ್ಯಾಂಕ, ಮತ್ತು ಅದು ಎಲ್ಲಿ ಬೀಳಬೇಕೆಂಬ ಪರೀಕ್ಷೆ

ಸಂಚಿತ ಆವೃತ್ತಿಗಳನ್ನು ಬರೆಯಿರಿ: 24, 80, 130, 170, 200. ಒಟ್ಟಿನ ಅರ್ಧ 100. ಸಂಚಿತ ಆವೃತ್ತಿ 100ನ್ನು ದಾಟುವುದು 4–6ರಲ್ಲಿ. ಸೂತ್ರಕ್ಕೆ ಕೈಹಾಕುವ ಮೊದಲೇ ‘ಮಧ್ಯಾಂಕ 4 ಮತ್ತು 6ರ ನಡುವೆ ಇರಬೇಕು’ ಎಂದು ಬರೆದಿಟ್ಟುಕೊಳ್ಳಿ.

ಆ ವರ್ಗಾಂತರಕ್ಕೆ ಬರುವ ಮೊದಲು 80 ಮಂದಿ ಮುಗಿದಿದ್ದಾರೆ. ಇನ್ನೂ 20 ಮಂದಿ ಬೇಕು. ಆ ವರ್ಗಾಂತರದಲ್ಲಿ 50 ಮಂದಿ 2 ಲೀಟರ್ ಅಗಲದಲ್ಲಿ ಹರಡಿದ್ದಾರೆ. ಆದ್ದರಿಂದ 4 + (100 − 80) ÷ 50 × 2 = 4.8 ಲೀಟರ್.

80ರ ಬದಲು ಅದೇ ಸಾಲಿನ 130ನ್ನು ತೆಗೆದುಕೊಳ್ಳುವ ತಪ್ಪು ತುಂಬ ಸಾಮಾನ್ಯ. ಆಗ 4 + (100 − 130) ÷ 50 × 2 = 2.8 ಬರುತ್ತದೆ. ಅದು 4–6ರ ಆಚೆ ಬಿದ್ದಿದೆ. ಮೊದಲೇ ಬರೆದಿಟ್ಟ ಆ ಒಂದು ಸಾಲು ನಿಮ್ಮನ್ನು ಇಲ್ಲಿ ಕಾಪಾಡುತ್ತದೆ.

ಇದನ್ನೇ ಓಜೀವ್ ನಕ್ಷೆಯಿಂದ ಓದಲು ಹೇಳಿದರೆ ಬಿಂದುಗಳನ್ನು ವರ್ಗಾಂತರದ ಮೇಲ್ಮಿತಿಯಲ್ಲಿ ಗುರುತಿಸಬೇಕು: (0, 0), (2, 24), (4, 80), (6, 130), (10, 170), (20, 200). ಆವೃತ್ತಿ ಬಹುಭುಜ ಬರೆದ ರೂಢಿಯಿಂದ ಕೈ ಮಧ್ಯಬಿಂದುವಿಗೇ ಹೋಗುತ್ತದೆ. 80 ಮಂದಿ 3 ಲೀಟರಿಗಿಂತ ಕಡಿಮೆ ಹಾಕಿದರೇ? ಇಲ್ಲ, 4ಕ್ಕಿಂತ ಕಡಿಮೆ. ಮಧ್ಯಬಿಂದುವಿನಲ್ಲಿ ಗುರುತಿಸಿದವರಿಗೆ ಮಧ್ಯಾಂಕ 3.8 ಬರುತ್ತದೆ, ಸರಿಯಾಗಿ ಒಂದು ಲೀಟರ್ ಕಡಿಮೆ. ಸೂತ್ರದ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಅರ್ಧ ವರ್ಗಾಂತರದಷ್ಟು ವ್ಯತ್ಯಾಸವಿದ್ದರೆ ಕಾರಣ ಬಹುಪಾಲು ಇದೇ.

## ಹಂತ 4: ಜನರ ಪಾಲು ಬೇರೆ, ಹಾಲಿನ ಪಾಲು ಬೇರೆ

ಸರಾಸರಿಗಾಗಿ ಮಧ್ಯಬಿಂದುಗಳನ್ನು (1, 3, 5, 8, 15) ಆವೃತ್ತಿಗಳಿಂದ ಗುಣಿಸಿ: 24, 168, 250, 320, 450. ಮೊತ್ತ 1,212 ಲೀಟರ್. 200ರಿಂದ ಭಾಗಿಸಿದರೆ 6.06 ಲೀಟರ್.

ಈಗ ‘10 ಲೀಟರ್ ಅಥವಾ ಹೆಚ್ಚು ಹಾಕುವವರ ಪಾಲು ಎಷ್ಟು?’ ಎಂಬ ಪ್ರಶ್ನೆ ಬಂದಿದೆ ಎಂದುಕೊಳ್ಳಿ. ಸದಸ್ಯರಲ್ಲಿ ಪಾಲು ಎಂದಾದರೆ 30 ÷ 200, ಶೇ 15. ಸಂಘಕ್ಕೆ ಬಂದ ಹಾಲಿನಲ್ಲಿ ಪಾಲು ಎಂದಾದರೆ 450 ÷ 1,212, ಸುಮಾರು ಶೇ 37. ಕೋಷ್ಟಕ ಒಂದೇ, ಗುಂಪು ಒಂದೇ, ಉತ್ತರ ಎರಡು ಪಟ್ಟಿಗಿಂತ ಹೆಚ್ಚು ಬೇರೆ. ಪ್ರಶ್ನೆಯಲ್ಲಿ ‘ಯಾವುದರಲ್ಲಿ’ ಎಂಬುದನ್ನು ಹೇಳುವ ಪದದ ಕೆಳಗೆ ಗೆರೆ ಎಳೆಯಿರಿ. ಅಂಥ ಪದವೇ ಇಲ್ಲದಿದ್ದರೆ ‘ಸದಸ್ಯರಲ್ಲಿ’ ಎಂದು ನಿಮ್ಮ ಉತ್ತರದಲ್ಲಿ ನೀವೇ ಸೇರಿಸಿ.

ಸರಾಸರಿ 6.06, ಮಧ್ಯಾಂಕ 4.8. ಕೆಲವರು ಹಾಕುವ ಹೆಚ್ಚಿನ ಹಾಲು ಸರಾಸರಿಯನ್ನು ಬಲಕ್ಕೆ ಎಳೆದಿದೆ. ‘ಸಾಮಾನ್ಯ ಸದಸ್ಯರೊಬ್ಬರು ಎಷ್ಟು ಹಾಕುತ್ತಾರೆ?’ ಎಂದು ಕೇಳಿದರೆ ನಾನು 4.8ನ್ನೇ ಬರೆಯುತ್ತೇನೆ, ಏಕೆಂದರೆ 6 ಲೀಟರಿಗಿಂತ ಕಡಿಮೆ ಹಾಕುವವರೇ 130 ಮಂದಿ ಇದ್ದಾರೆ.

450 ಲೀಟರ್ ಎಂಬುದು ಅಂದಾಜು ಎಂಬುದನ್ನು ಮರೆಯಬೇಡಿ. ಆ 30 ಮಂದಿ ತಲಾ 10 ಲೀಟರಿನಿಂದ 20ರ ಒಳಗೆ ಎಷ್ಟಾದರೂ ಹಾಕಿರಬಹುದು. ಅಂದರೆ ಅವರ ಹಾಲು 300 ಲೀಟರಿಗಿಂತ ಕಡಿಮೆ ಇರಲಾರದು, 600 ಮುಟ್ಟಲಾರದು. ಹಾಗೆಯೇ ‘ಅತಿ ಹೆಚ್ಚು ಹಾಕಿದ ಸದಸ್ಯರ ಹಾಲು ಎಷ್ಟು?’ ಎಂಬ ಪ್ರಶ್ನೆಗೆ ‘ಈ ಕೋಷ್ಟಕದಿಂದ ಹೇಳಲಾಗದು, 20 ಲೀಟರಿಗಿಂತ ಕಡಿಮೆ’ ಎಂಬುದೇ ಪೂರ್ಣ ಅಂಕದ ಉತ್ತರ. ಉತ್ತರ ಬರೆಯಲೇಬೇಕೆಂದು 20 ಎಂದು ಬರೆಯಬೇಡಿ.

## ಹಂತ 5: ಎರಡು ದಿಕ್ಕಿನ ಕೋಷ್ಟಕದಲ್ಲಿ ಒಟ್ಟು ಮೂರು ಬಗೆ

ಅದೇ 200 ಸದಸ್ಯರನ್ನು ಈಗ ಬೇರೆ ರೀತಿಯಲ್ಲಿ ವಿಂಗಡಿಸೋಣ. ಸಂಘದಿಂದ ಪಶು ಆಹಾರ ಕೊಳ್ಳುವವರು ಎಷ್ಟು, ಕೊಳ್ಳದವರು ಎಷ್ಟು?

| | 6 ಲೀಟರ್ ಅಥವಾ ಹೆಚ್ಚು | 6ಕ್ಕಿಂತ ಕಡಿಮೆ | ಒಟ್ಟು |
|---|---|---|---|
| ಕೊಳ್ಳುವವರು | 48 | 32 | 80 |
| ಕೊಳ್ಳದವರು | 22 | 98 | 120 |
| ಒಟ್ಟು | 70 | 130 | 200 |

48 ಎಂಬ ಒಂದೇ ಸಂಖ್ಯೆಗೆ ಇಲ್ಲಿ ಮೂರು ಛೇದಗಳಿವೆ. ‘ಪಶು ಆಹಾರ ಕೊಳ್ಳುವವರಲ್ಲಿ 6 ಲೀಟರ್ ಅಥವಾ ಹೆಚ್ಚು ಹಾಕುವವರು ಶೇಕಡಾ ಎಷ್ಟು?’ 48 ÷ 80, ಶೇ 60. ‘6 ಲೀಟರ್ ಅಥವಾ ಹೆಚ್ಚು ಹಾಕುವವರಲ್ಲಿ ಕೊಳ್ಳುವವರು ಎಷ್ಟು?’ 48 ÷ 70, ಸುಮಾರು ಶೇ 69. ‘ಸದಸ್ಯರಲ್ಲಿ ಕೊಳ್ಳುವವರೂ ಹೌದು, 6 ಲೀಟರ್ ಅಥವಾ ಹೆಚ್ಚು ಹಾಕುವವರೂ ಹೌದು ಎನ್ನುವವರು ಎಷ್ಟು?’ 48 ÷ 200, ಶೇ 24.

ಕನ್ನಡ ಇಲ್ಲಿ ನಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ‘-ಅಲ್ಲಿ’ ಅಥವಾ ‘-ಪೈಕಿ’ ಹತ್ತಿದ ಪದವೇ ಛೇದ. ‘ಕೊಳ್ಳುವವರಲ್ಲಿ’ ಎಂದರೆ 80, ‘ಹಾಕುವವರ ಪೈಕಿ’ ಎಂದರೆ 70. ಆ ಪದವನ್ನು ವೃತ್ತದಲ್ಲಿ ಬರೆದು, ಅದಕ್ಕೆ ಸೇರಿದ ಒಟ್ಟನ್ನು ಕೋಷ್ಟಕದಲ್ಲಿ ಮುಟ್ಟಿ ನೋಡಿ, ಆಮೇಲೆ ಭಾಗಿಸಿ.

ಎರಡು ಗುಂಪುಗಳನ್ನು ಹೋಲಿಸುವಾಗ ಪ್ರತಿ ಗುಂಪನ್ನೂ ಅದರದೇ ಒಟ್ಟಿನಿಂದ ಭಾಗಿಸಬೇಕು. ಕೊಳ್ಳುವವರಲ್ಲಿ ಶೇ 60, ಕೊಳ್ಳದವರಲ್ಲಿ 22 ÷ 120, ಸುಮಾರು ಶೇ 18. ವ್ಯತ್ಯಾಸ ದೊಡ್ಡದೇ. ಹಾಗಾದರೆ ಪಶು ಆಹಾರದಿಂದ ಹಾಲು ಹೆಚ್ಚಿತು ಎಂದು ಬರೆಯಬಹುದೇ?

ಬರೆಯಬಾರದು. ಹಾಲನ್ನು ಲೆಕ್ಕ ಹಾಕಿದ್ದು ಸದಸ್ಯರ ಮೇಲೆ, ಹಸುಗಳ ಮೇಲಲ್ಲ. ಹಂತ 1ರಲ್ಲಿ ಬರೆದುಕೊಂಡ ಟಿಪ್ಪಣಿ ಕೆಲಸಕ್ಕೆ ಬರುವುದು ಈಗ. ಮೂರು ಅಥವಾ ಹೆಚ್ಚು ಹಸು ಇರುವವರನ್ನೂ ಒಂದೆರಡು ಹಸು ಇರುವವರನ್ನೂ ಬೇರ್ಪಡಿಸಿ ನೋಡೋಣ. ಕೆಳಗಿನ ಪ್ರತಿ ಮನೆಯಲ್ಲೂ ಮೊದಲ ಸಂಖ್ಯೆ ಆ ಗುಂಪಿನ ಒಟ್ಟು, ಎರಡನೆಯದು ಅದರಲ್ಲಿ 6 ಲೀಟರ್ ಅಥವಾ ಹೆಚ್ಚು ಹಾಕಿದವರದು.

| | 3 ಅಥವಾ ಹೆಚ್ಚು ಹಸು | 1–2 ಹಸು |
|---|---|---|
| ಕೊಳ್ಳುವವರು | 50ರಲ್ಲಿ 45 | 30ರಲ್ಲಿ 3 |
| ಕೊಳ್ಳದವರು | 10ರಲ್ಲಿ 9 | 110ರಲ್ಲಿ 13 |

ಹೆಚ್ಚು ಹಸು ಇರುವವರಲ್ಲಿ ಎರಡೂ ಕಡೆ ಶೇ 90. ಒಂದೆರಡು ಹಸು ಇರುವವರಲ್ಲಿ ಶೇ 10 ಮತ್ತು ಸುಮಾರು ಶೇ 12. ಮೊದಲು ಕಂಡ ದೊಡ್ಡ ವ್ಯತ್ಯಾಸ ಇಲ್ಲವಾಯಿತು. ಹೆಚ್ಚು ಹಸು ಸಾಕಿದವರೇ ಪಶು ಆಹಾರವನ್ನೂ ಹೆಚ್ಚಾಗಿ ಕೊಳ್ಳುತ್ತಾರೆ, ಅವರೇ ಹೆಚ್ಚು ಹಾಲನ್ನೂ ಹಾಕುತ್ತಾರೆ. ಮೊದಲ ಕೋಷ್ಟಕ ಸುಳ್ಳು ಹೇಳಲಿಲ್ಲ, ಆದರೆ ಕಾರಣವನ್ನು ಅದು ಹೇಳಿಯೇ ಇರಲಿಲ್ಲ.

ಹಾಗಾಗಿ ತೀರ್ಮಾನದ ವಾಕ್ಯವನ್ನು ಹೀಗೆ ಬರೆಯಿರಿ: ‘ಈ ಸಂಘದಲ್ಲಿ ಪಶು ಆಹಾರ ಕೊಳ್ಳುವ ಸದಸ್ಯರಲ್ಲಿ ಶೇ 60 ಮಂದಿ 6 ಲೀಟರ್ ಅಥವಾ ಹೆಚ್ಚು ಹಾಲು ಹಾಕಿದ್ದಾರೆ, ಕೊಳ್ಳದವರಲ್ಲಿ ಸುಮಾರು ಶೇ 18. ಹಸುಗಳ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ವ್ಯತ್ಯಾಸ ಉಳಿಯುವುದಿಲ್ಲ.’ ನಿಮ್ಮ ವಾಕ್ಯದಲ್ಲಿ ‘ಇದರಿಂದಾಗಿ’, ‘ಕಾರಣದಿಂದ’, ‘ಪರಿಣಾಮವಾಗಿ’ ಎಂಬ ಪದ ಬಂದರೆ ಅದನ್ನು ಸಮರ್ಥಿಸುವ ಸಂಖ್ಯೆ ಕೋಷ್ಟಕದಲ್ಲಿ ಎಲ್ಲಿದೆ ಎಂದು ಹುಡುಕಿ. ಸಿಗದಿದ್ದರೆ ಪದವನ್ನು ಹೊಡೆದುಹಾಕಿ.

## ಹಂತ 6: ತಿಂಗಳ ನಕ್ಷೆಯಲ್ಲಿ ಮೊದಲು ಅಕ್ಷದ ಬುಡ ನೋಡಿ

ಸಂಘದ ತಿಂಗಳ ಒಟ್ಟು ಹಾಲು ಸಾವಿರ ಲೀಟರುಗಳಲ್ಲಿ ಹೀಗಿದೆ: ಜೂನ್ 68, ಜುಲೈ 71, ಆಗಸ್ಟ್ 74, ಸೆಪ್ಟೆಂಬರ್ 76, ಅಕ್ಟೋಬರ್ 77. ಪ್ರಶ್ನೆ ಪತ್ರಿಕೆಯಲ್ಲಿ ಇದನ್ನು ಸ್ತಂಭ ನಕ್ಷೆಯಾಗಿ ಕೊಟ್ಟಿದ್ದಾರೆ, ಆದರೆ ಲಂಬ ಅಕ್ಷ 66ರಿಂದ ಶುರುವಾಗಿದೆ ಎಂದುಕೊಳ್ಳಿ.

ಆಗ ಜೂನ್ ಸ್ತಂಭದ ಎತ್ತರ 2 ಮನೆ, ಅಕ್ಟೋಬರಿನದು 11 ಮನೆ. ಕಣ್ಣಿಗೆ ಐದೂವರೆ ಪಟ್ಟು ಏರಿಕೆ. ನಿಜವಾದ ಏರಿಕೆ 9 ÷ 68, ಸುಮಾರು ಶೇ 13. ಸ್ತಂಭದ ಎತ್ತರವನ್ನು ಸ್ಕೇಲಿನಿಂದ ಅಳೆದು ಹೋಲಿಸಬೇಡಿ, ತುದಿಯ ಬೆಲೆಯನ್ನು ಅಕ್ಷದಿಂದ ಓದಿ. ಶೇಕಡಾ ಏರಿಕೆಗೆ ಛೇದ ಯಾವಾಗಲೂ ಹಳೆಯ ಬೆಲೆ, ಇಲ್ಲಿ 68. ಇದನ್ನು 77ರಿಂದ ಭಾಗಿಸುವವರೂ ಇದ್ದಾರೆ.

ಇನ್ನೊಂದು ಛೇದ ಇಲ್ಲಿ ಅಡಗಿದೆ. ಸೆಪ್ಟೆಂಬರಿನಿಂದ ಅಕ್ಟೋಬರಿಗೆ ಹಾಲು ಹೆಚ್ಚಿತೇ? ನಕ್ಷೆ ಹೌದೆನ್ನುತ್ತದೆ. ಆದರೆ ಸೆಪ್ಟೆಂಬರಿನಲ್ಲಿ 30 ದಿನ, ಅಕ್ಟೋಬರಿನಲ್ಲಿ 31. ದಿನಕ್ಕೆ ಲೆಕ್ಕ ಹಾಕಿದರೆ ಸೆಪ್ಟೆಂಬರಿನಲ್ಲಿ ಸುಮಾರು 2,533 ಲೀಟರ್, ಅಕ್ಟೋಬರಿನಲ್ಲಿ ಸುಮಾರು 2,484. ತಿಂಗಳ ಮೊತ್ತ ಏರಿದೆ, ದಿನದ ಹಾಲು ಇಳಿದಿದೆ. ಏರಿಕೆ ಚಿಕ್ಕದಾಗಿದ್ದಾಗಲೆಲ್ಲ ಈ ಪರೀಕ್ಷೆ ಮಾಡಿ. ಒಂದು ದಿನ ಹೆಚ್ಚಾದರೆ ಮೊತ್ತ ತಾನಾಗಿಯೇ ಶೇ 3ಕ್ಕಿಂತ ತುಸು ಹೆಚ್ಚು ಏರುತ್ತದೆ. ಫೆಬ್ರುವರಿಯಿಂದ ಮಾರ್ಚಿಗೆ ಹೋಗುವಾಗ ಅದು ಸುಮಾರು ಶೇ 11ರವರೆಗೂ ಹೋಗಬಹುದು.

## ಹಂತ 7: ಅಭ್ಯಾಸಕ್ಕೆ ನಿಮ್ಮದೇ ಕೋಷ್ಟಕ ರಚಿಸಿ

ಬೇರೆಯವರ ಲೆಕ್ಕ ಎಷ್ಟು ಬಿಡಿಸಿದರೂ ಛೇದದ ಗೊಂದಲ ಪೂರ್ತಿ ಹೋಗುವುದಿಲ್ಲ. ಒಮ್ಮೆ ನೀವೇ ದತ್ತಾಂಶ ಕಟ್ಟಿದರೆ ಹೋಗುತ್ತದೆ. ಕ್ರಮ ತಲೆಕೆಳಗಾಗಿರಬೇಕು: ಮೊದಲು ಯಾವ ತಪ್ಪನ್ನು ಹಿಡಿಯಬೇಕು ಎಂದು ತೀರ್ಮಾನಿಸಿ, ಆಮೇಲೆ ಸಂಖ್ಯೆ ಬರೆಯಿರಿ. ಪಶು ಆಹಾರದ ಕೋಷ್ಟಕದಲ್ಲಿ ನಾನು ಮೊದಲು ನಿಗದಿ ಮಾಡಿದ್ದು ಹೆಚ್ಚು ಹಸು ಇರುವವರಲ್ಲಿ ಎರಡೂ ಕಡೆ ಶೇ 90 ಇರಬೇಕು ಎಂಬುದನ್ನು. 50ರಲ್ಲಿ 45, 10ರಲ್ಲಿ 9 ಎಂಬುವು ಆಮೇಲೆ ಬಂದವು, ಒಟ್ಟುಗಳು ಕೊನೆಗೆ.

ಒಟ್ಟನ್ನು 200, 120, 80ರಂತೆ ಸುಲಭವಾಗಿ ಭಾಗವಾಗುವ ಸಂಖ್ಯೆಯಾಗಿಡಿ. ಹಾಲು, ಕೂಲಿ, ಜಮೀನಿನ ವಿಸ್ತೀರ್ಣ ಇಂಥವುಗಳಲ್ಲಿ ಬಹಳ ಮಂದಿಯದು ಕಡಿಮೆ, ಕೆಲವರದು ತುಂಬ ಹೆಚ್ಚು. ಎಡಬಲ ಸಮವಾಗಿ ಹಂಚಿದರೆ ಅದು ಊರಿನ ಲೆಕ್ಕದಂತೆ ಕಾಣುವುದಿಲ್ಲ, ಸರಾಸರಿ ಮಧ್ಯಾಂಕಗಳೂ ಒಂದೇ ಆಗಿ ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ.

ಕೊನೆಗೆ ಕೋಷ್ಟಕಗಳು ಒಂದಕ್ಕೊಂದು ಒಪ್ಪುತ್ತವೆಯೇ ನೋಡಿ. ಮೊದಲ ಕೋಷ್ಟಕದಲ್ಲಿ 6 ಲೀಟರ್ ಅಥವಾ ಹೆಚ್ಚು ಹಾಕಿದವರು 40 + 30, ಅಂದರೆ 70. ಎರಡನೆಯದರ ಒಟ್ಟೂ 70, ಮೂರನೆಯದರಲ್ಲಿ 45 + 3 + 9 + 13 ಕೂಡಿದರೂ 70. ಬೆಳಗಿನ ಹಾಲು 1,212 ಲೀಟರ್, ಸಂಜೆಯದೂ ಸುಮಾರು ಅಷ್ಟೇ ಎಂದುಕೊಂಡರೆ ದಿನಕ್ಕೆ 2,400ರ ಆಸುಪಾಸು, ತಿಂಗಳಿಗೆ 72 ಸಾವಿರದ ಆಸುಪಾಸು. ನಕ್ಷೆಯ 68ರಿಂದ 77 ಸಾವಿರ ಇದಕ್ಕೆ ಹೊಂದುತ್ತದೆ. ನೀವು ರಚಿಸಿದ ಕೋಷ್ಟಕವನ್ನು ಸಹಪಾಠಿಗೆ ಕೊಡುವಾಗ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಬರೆದುಕೊಡಿ. ಒಂದರಲ್ಲಿ ‘ಕೊಳ್ಳುವವರಲ್ಲಿ’ ಎಂದಿರಲಿ, ಇನ್ನೊಂದರಲ್ಲಿ ‘ಹಾಕುವವರ ಪೈಕಿ’ ಎಂದಿರಲಿ. ಎರಡಕ್ಕೂ ಒಂದೇ ಉತ್ತರ ಬಂದರೆ ಇಬ್ಬರೂ ಸೇರಿ ಐದನೆಯ ಹಂತಕ್ಕೆ ಹಿಂದಿರುಗಿ.